ಉಗ್ರಾಣದ ಲೆಕ್ಕ, ಎಲೆಯ ಲೆಕ್ಕ

ಮೇಡಂ,

ಮೊದಲ ಸಲ ಬರುವ ಮುಂಚೆ ಮನೆಯವರ ಊಟ-ತಿಂಡಿ, ಕಾಯಿಲೆ, ಇಷ್ಟಾನಿಷ್ಟ ಎಲ್ಲ ಬರೆದು ತನ್ನಿ ಅಂತ ನೀವು ಫೋನಿನಲ್ಲಿ ಹೇಳಿದ್ದಿರಿ. ಕೊಟ್ಟ ಫಾರ್ಮಿನಲ್ಲಿ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟ ಅಂತ ಮೂರು ಮನೆಗಳಿವೆ. ಅದನ್ನೂ ತುಂಬಿದ್ದೇನೆ. ಆದರೆ ತುಂಬಿ ಮುಗಿಸಿ ಓದಿದಾಗ ನಮ್ಮ ಮನೆಯಲ್ಲಿ ಯಾರಿಗೂ ಸಕ್ಕರೆ ಕಾಯಿಲೆ ಬರುವ ಕಾರಣವೇ ಇಲ್ಲ ಅನ್ನುವ ಹಾಗೆ ಕಂಡಿತು. ದೋಸೆ, ಅನ್ನ, ತಂಬುಳಿ, ಹುಳಿ, ಪಲ್ಯ, ಮಜ್ಜಿಗೆ. ಇಷ್ಟೇ. ಹೋಟೆಲಿಲ್ಲ, ಮೊಟ್ಟೆ-ಮಾಂಸವಿಲ್ಲ, ತೋಟದ ತರಕಾರಿ, ಕೊಟ್ಟಿಗೆಯ ಹಾಲು. ಹಾಗಿದ್ದೂ ಐದು ಜನರ ಮನೆಯಲ್ಲಿ ನಾಲ್ಕು ಜನರ ರಿಪೋರ್ಟಿನಲ್ಲಿ ಕೆಂಪು ಗೆರೆಗಳಿವೆ. ಅದಕ್ಕೇ ಈ ಉದ್ದದ ಕಾಗದ.

ನಮ್ಮದು ಶಿರಸಿಯಿಂದ ಹುಲೇಕಲ್ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ಸರಿದ ಊರು. ಅಡಿಕೆ ತೋಟ, ಒಂದಿಷ್ಟು ತೆಂಗು, ಬಾಳೆ, ಕಾಳುಮೆಣಸು, ಎರಡು ಹಾಲು ಕರೆಯುವ ದನ. ಮನೆಯಲ್ಲಿ ಮಾವ, ಅತ್ತೆ, ನಮ್ಮ ಯಜಮಾನರು, ನಾನು, ಒಂಬತ್ತನೇ ತರಗತಿಯ ಮಗಳು. ಅಡುಗೆ ನಾನು ಮತ್ತು ಅತ್ತೆ. ಬಡಿಸುವುದು ಬಹುಪಾಲು ಅತ್ತೆ. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಅದಕ್ಕೆ ಕಾರಣ ಮುಂದೆ ಬರುತ್ತದೆ.

ಕಾಯಿಲೆಗಳನ್ನು ಮೊದಲು ಹೇಳಿಬಿಡುತ್ತೇನೆ. ಮಾವನಿಗೆ 74. ಸಕ್ಕರೆ ಕಾಯಿಲೆ ಬಂದು ಬಹಳ ವರ್ಷ ಆಯಿತು, ಬಿ.ಪಿ. ಕೂಡ ಇದೆ. ಈ ಸಲದ ಎಚ್‌ಬಿಎ1ಸಿ 8.4, ಕ್ರಿಯಾಟಿನಿನ್ 1.6, ಇಜಿಎಫ್‌ಆರ್ 45. ಮಾತ್ರೆ ಮೂರು: ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಬಿ.ಪಿ.ಗೆ ಟೆಲ್ಮಿಸಾರ್ಟಾನ್. ಅತ್ತೆಗೆ 68, ಥೈರಾಯ್ಡ್ ಕಡಿಮೆ, ಮೊಣಕಾಲು ನೋವು, ಹಲ್ಲು ಅರ್ಧ ಇಲ್ಲ. ಯಜಮಾನರಿಗೆ ಲಿವರಿನಲ್ಲಿ ಕೊಬ್ಬು, ಟ್ರೈಗ್ಲಿಸರೈಡ್ 280, ಸೊಂಟದ ಸುತ್ತ ತೂಕ. ನನಗೆ ಹಿಮೋಗ್ಲೋಬಿನ್ 9.8. ಮಗಳು ಚೆನ್ನಾಗಿದ್ದಾಳೆ, ಆದರೆ ಬೆಳಿಗ್ಗೆ ಶಾಲೆಯ ವ್ಯಾನಿನ ಗಡಿಬಿಡಿಯಲ್ಲಿ ಅರ್ಧ ದೋಸೆ ತಿಂದು ಓಡುತ್ತಾಳೆ, ಮಧ್ಯಾಹ್ನದ ಡಬ್ಬಿ ಅರ್ಧ ಉಳಿಸಿ ತರುತ್ತಾಳೆ. ಅವಳ ಬಗ್ಗೆ ಇಷ್ಟು ಸಾಕು.

ಇನ್ನು ಎಷ್ಟು ತಿನ್ನುತ್ತೇವೆ ಅನ್ನುವ ಪ್ರಶ್ನೆ. ಫಾರ್ಮಿನಲ್ಲಿ ‘ಎಣ್ಣೆ, ದಿನಕ್ಕೆ ಎಷ್ಟು ಚಮಚ’ ಅಂತ ಕೇಳಿದ್ದೀರಿ. ಒಗ್ಗರಣೆಗೆ ಹುಟ್ಟಿನಲ್ಲಿ ಎಣ್ಣೆ ಬಿಡುವವರಿಗೆ ಇದಕ್ಕೆ ಉತ್ತರ ಗೊತ್ತಿರುವುದಿಲ್ಲ. ಕೇಳಿದರೆ ಎಲ್ಲರೂ ‘ಸ್ವಲ್ಪ’ ಅನ್ನುತ್ತಾರೆ, ಅದು ಸುಳ್ಳೂ ಅಲ್ಲ, ಯಾಕೆಂದರೆ ಯಾರ ಕಣ್ಣಿಗೂ ಅದು ಸ್ವಲ್ಪವೇ. ಹಾಗಾಗಿ ನಾನು ಎಲೆಯನ್ನು ಬಿಟ್ಟು ಉಗ್ರಾಣದಿಂದ ಶುರು ಮಾಡಿದೆ. ಆಷಾಢ ಮಾಸ ಹಿಡಿದೆ. ಆಗ ಮದುವೆ-ಮುಂಜಿ ಇಲ್ಲ, ಮಳೆಗೆ ನೆಂಟರೂ ಕಡಿಮೆ, ಮನೆಯವರು ಮನೆಯಲ್ಲೇ ಉಣ್ಣುತ್ತಾರೆ. ತಿಂಗಳ ಮೊದಲ ದಿನ ಅಕ್ಕಿ ಡಬ್ಬ, ಬೇಳೆ ಡಬ್ಬ, ಎಣ್ಣೆ ಕ್ಯಾನು, ಸಕ್ಕರೆ, ಜೋನಿ ಬೆಲ್ಲದ ಡಬ್ಬಿ, ಉಪ್ಪು ಎಲ್ಲವನ್ನೂ ಅಡಿಕೆ ತೂಗುವ ತಕ್ಕಡಿಯಲ್ಲಿ ತೂಗಿಟ್ಟೆ. ನಡುವೆ ತಂದದ್ದನ್ನು ಕೂಡಿಸಿದೆ. ಕೊನೆಯ ದಿನ ಉಳಿದದ್ದನ್ನು ಕಳೆದೆ. ತೋಟಕ್ಕೆ ಕೊಳೆ ಔಷಧಿ ಹೊಡೆಯಲು ಬಂದವರ ಊಟವನ್ನು ಅಂದಾಜು ಮಾಡಿ ತೆಗೆದೆ. ಐದು ಜನ, ಮೂವತ್ತು ದಿನ, ಅಂದರೆ ಪ್ರತಿಯೊಂದನ್ನೂ 150ರಿಂದ ಭಾಗಿಸಿದರೆ ತಲೆಗೆ ದಿನಕ್ಕೆ ಎಷ್ಟು ಅಂತ ಬರುತ್ತದೆ.

ಅಕ್ಕಿ ಅರವತ್ತು ಕಿಲೋ ಹೋಗಿತ್ತು. ಅಂದರೆ ದಿನಕ್ಕೆ ಒಬ್ಬರಿಗೆ 400 ಗ್ರಾಂ. ಇದರಲ್ಲಿ ಅನ್ನವೂ ಬಂತು, ದೋಸೆಯೂ ಬಂತು. ತೊಗರಿಬೇಳೆ, ಹೆಸರು, ಉದ್ದು, ಕಡಲೆ, ಅಲಸಂದೆ ಎಲ್ಲ ಸೇರಿ ನಾಲ್ಕೂವರೆ ಕಿಲೋ, ತಲೆಗೆ 30 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ, ದಿನಕ್ಕೆ 2000 ಕ್ಯಾಲೊರಿ ಬೇಕಾದವರ ತಟ್ಟೆಗೆ ಧಾನ್ಯ 250 ಗ್ರಾಂ, ಬೇಳೆಕಾಳು (ಮೊಟ್ಟೆ-ಮಾಂಸ ತಿನ್ನುವವರಿಗೆ ಅದೂ ಸೇರಿ) 85 ಗ್ರಾಂ ಅಂತ ಇದೆ. ನೀವು ಇದನ್ನು ನೋಡಿದ ಕೂಡಲೇ ನಮ್ಮ ಮನೆಯ ಕಥೆ ಅರ್ಥ ಮಾಡಿಕೊಳ್ಳುತ್ತೀರಿ. ನಾವು ದಿನಾ ಹುಳಿ ಮಾಡುತ್ತೇವೆ, ಹುಳಿಯಲ್ಲಿ ಬೇಳೆ ಇದೆ, ಆದ್ದರಿಂದ ಬೇಳೆ ತಿನ್ನುತ್ತೇವೆ ಅಂತ ಇಷ್ಟು ವರ್ಷ ತಿಳಿದಿದ್ದೆವು. ಐದು ಜನರ ಹುಳಿಗೆ ಹಾಕುವುದು ಒಂದು ಹಿಡಿ ಬೇಳೆ. ಉಳಿದದ್ದು ಸೌತೆಕಾಯಿ, ಕಾಯಿ ಬೀಸಿದ್ದು, ನೀರು. ಬೇಳೆಯೇ ಇಲ್ಲದ ಬೋಳು ಹುಳಿ, ಕಟ್ನೆ, ಅಪ್ಪೆಹುಳಿ ಮಾಡುವ ದಿನಗಳೂ ವಾರದಲ್ಲಿ ಎರಡು-ಮೂರು ಇರುತ್ತವೆ.

ಎಣ್ಣೆ ನೋಡಿ ಮಾತ್ರ ಮೊದಲು ಸಮಾಧಾನ ಆಯಿತು. ತೆಂಗಿನೆಣ್ಣೆ ತಿಂಗಳಿಗೆ ಮೂರು ಲೀಟರ್, ಒಬ್ಬರಿಗೆ 20 ಮಿಲಿಲೀಟರ್. ಹೆಚ್ಚೇನಲ್ಲ. ಆಮೇಲೆ ಕಾಯಿ ಲೆಕ್ಕ ಹಾಕಿದೆ. ದಿನಕ್ಕೆ ಎರಡು ಕಾಯಿ ಒಡೆಯುತ್ತೇವೆ: ಬೆಳಗಿನ ಚಟ್ನಿಗೆ, ತಂಬುಳಿಗೆ, ಹುಳಿಗೆ, ಪಲ್ಯಕ್ಕೆ. ನಮ್ಮ ಮರದ ಒಂದು ಕಾಯಿ ತುರಿದರೆ 220 ಗ್ರಾಂ ಬರುತ್ತದೆ. ಎರಡು ಕಾಯಿಯನ್ನು ಐದು ಜನಕ್ಕೆ ಹಂಚಿದರೆ 88 ಗ್ರಾಂ. ಹಸಿ ಕಾಯಿತುರಿಯಲ್ಲಿ ಮೂರನೇ ಒಂದು ಪಾಲಾದರೂ ಕೊಬ್ಬು ಅಂತ ಹಿಡಿದರೆ ಸುಮಾರು 30 ಗ್ರಾಂ. ಕ್ಯಾನಿನಿಂದ ಬಂದದ್ದಕ್ಕಿಂತ ಬೀಸುವ ಕಲ್ಲಿನಿಂದ ಬಂದದ್ದೇ ಹೆಚ್ಚು. ಯಜಮಾನರಿಗೆ ಡಾಕ್ಟರು ‘ಎಣ್ಣೆ ಪದಾರ್ಥ ಕಡಿಮೆ ಮಾಡಿ’ ಅಂದಿದ್ದರು. ಅವರು ಅಂದಿನಿಂದ ಹಪ್ಪಳ ಬಿಟ್ಟರು. ಹಪ್ಪಳ ಬಿಟ್ಟದ್ದು ಒಳ್ಳೆಯದೇ, ಆದರೆ ಲೆಕ್ಕ ಇದ್ದದ್ದು ಬೇರೆ ಕಡೆ.

ಸಕ್ಕರೆ ನಾಲ್ಕೂವರೆ ಕಿಲೋ, ಜೋನಿ ಬೆಲ್ಲ ಮೂರು ಕಿಲೋ. ಎರಡೂ ಸೇರಿ ತಲೆಗೆ ದಿನಕ್ಕೆ 50 ಗ್ರಾಂ. ಜೋನಿ ಬೆಲ್ಲವನ್ನು ನಮ್ಮಲ್ಲಿ ಯಾರೂ ಸಕ್ಕರೆ ಅಂತ ತಿಳಿಯುವುದಿಲ್ಲ. ಆಲೆಮನೆಯಲ್ಲಿ ಕಣ್ಣೆದುರೇ ಕಬ್ಬಿನ ಹಾಲು ಕುದಿಸಿ ಇಳಿಸಿದ್ದು, ಔಷಧಿ-ಗಿವಷಧಿ ಹಾಕದ್ದು, ಅದು ಒಳ್ಳೆಯದು ಅನ್ನುವ ನಂಬಿಕೆ. ಒಳ್ಳೆಯದು ಹೌದು, ರುಚಿಯೂ ಹೌದು. ಆದರೆ ಮಾವನ ಗ್ಲುಕೋಮೀಟರಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಬೆಳಿಗ್ಗೆ ತೆಳ್ಳೇವಿನ ಮೇಲೆ ಅವರು ಬೆಲ್ಲ ಸುರಿದುಕೊಂಡ ದಿನ ಮತ್ತು ಚಟ್ನಿಯಲ್ಲಿ ತಿಂದ ದಿನ ಎರಡು ಗಂಟೆ ಬಿಟ್ಟು ನೋಡಿದ ಅಂಕಿಗಳನ್ನು ಹಿಂದಿನ ಪುಟದಲ್ಲಿ ಬರೆದಿದ್ದೇನೆ.

ಉಪ್ಪು ಒಂದು ಕಿಲೋ ಇನ್ನೂರು ಗ್ರಾಂ. ದನದ ಅಕ್ಕಚ್ಚಿಗೆ ಹಾಕುವ ಉಪ್ಪಿನ ಚೀಲ ಬೇರೆ ಇದೆ, ಅದನ್ನು ಸೇರಿಸಿಲ್ಲ. ತಲೆಗೆ 8 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಮಿನ ಒಳಗೆ ಇರಲಿ ಅನ್ನುತ್ತದೆ. ಆದರೆ ಈ 8ರಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಬಂದಿಲ್ಲ. ಅದರ ಉಪ್ಪು ಬೇಸಿಗೆಯಲ್ಲೇ ಭರಣಿ ಸೇರಿದೆ. ಮಾವ ಪ್ರತಿ ಊಟಕ್ಕೆ ಒಂದು ಮಿಡಿ ಹಾಕಿಸಿಕೊಳ್ಳುತ್ತಾರೆ. ಮಿಡಿಯನ್ನು ಪೂರ್ತಿ ತಿನ್ನುವುದಿಲ್ಲ, ಕಚ್ಚಿ ಬದಿಗಿಡುತ್ತಾರೆ. ಆದರೆ ಮಜ್ಜಿಗೆ ಅನ್ನದ ಮೇಲೆ ಅದರ ರಸವನ್ನು ಎರಡು ಚಮಚ ಬಿಡಿಸಿಕೊಳ್ಳುತ್ತಾರೆ. ಉಪ್ಪು ಇರುವುದು ಆ ರಸದಲ್ಲಿ. ‘ಉಪ್ಪಿನಕಾಯಿ ತಿನ್ನುತ್ತೀರಾ’ ಅಂತ ನೀವು ಕೇಳಿದರೆ ಅವರು ಒಂದೇ ಒಂದು ಮಿಡಿ ಅನ್ನುತ್ತಾರೆ. ರಸ ಎಷ್ಟು ಅಂತ ಕೇಳಿ.

ಉಗ್ರಾಣದ ಲೆಕ್ಕಕ್ಕೆ ಒಂದು ಮಿತಿ ಇದೆ, ಅದನ್ನೂ ಹೇಳಬೇಕು. ಡಬ್ಬ ಎಷ್ಟು ಖಾಲಿಯಾಯಿತು ಅನ್ನುವುದು ಗೊತ್ತಾಗುತ್ತದೆ, ಯಾರ ಹೊಟ್ಟೆ ಸೇರಿತು ಅನ್ನುವುದು ಗೊತ್ತಾಗುವುದಿಲ್ಲ. ತಲೆಗೆ 50 ಗ್ರಾಂ ಸಿಹಿ ಅಂದೆ, ಆದರೆ ಮಗಳು ಜೋನಿ ಬೆಲ್ಲ ಮುಟ್ಟುವುದಿಲ್ಲ, ಅತ್ತೆ ಕಷಾಯಕ್ಕೆ ಮಾತ್ರ ಹಾಕುತ್ತಾರೆ. ಅವರಿಬ್ಬರ ಪಾಲು ಯಾರಿಗೆ ಹೋಯಿತು ಅನ್ನುವುದನ್ನು ಎಲೆಯ ಮೇಲೆಯೇ ನೋಡಬೇಕು. ಅದಕ್ಕಾಗಿ ಎರಡು ಸಾಮಾನ್ಯ ದಿನ, ಒಂದು ಹಬ್ಬದ ದಿನ ಒಬ್ಬೊಬ್ಬರು ಉಂಡದ್ದನ್ನು ಸೌಟಿನ ಲೆಕ್ಕದಲ್ಲಿ ಬರೆದೆ. ನಮ್ಮ ಅನ್ನದ ಸೌಟಿಗೆ ತಲೆ ತುಂಬದ ಹಾಗೆ ತೆಗೆದರೆ ಬೆಂದ ಅನ್ನ 100 ಗ್ರಾಂ.

ಮಾವನ ಮಧ್ಯಾಹ್ನದ ಊಟವನ್ನು ಇದ್ದ ಹಾಗೆ ಬರೆಯುತ್ತೇನೆ. ಮೊದಲು ಎರಡು ಸೌಟು ಅನ್ನ, ಅದಕ್ಕೆ ಒಂದೆಲಗದ ತಂಬುಳಿ. ಕೇಳಿದರೆ ಇದು ‘ಬಾಯಿಗೆ’. ಆಮೇಲೆ ಎರಡು ಸೌಟು, ಮೊಗೆಕಾಯಿ ಹುಳಿ, ಬಾಳೆಕಾಯಿ ಪಲ್ಯ. ಇದು ‘ಊಟ’. ಕೊನೆಗೆ ಒಂದೂವರೆ ಸೌಟು, ಮಜ್ಜಿಗೆ, ಮಿಡಿ. ಇದು ‘ತಣ್ಣಗಾಗಲು’. ನೀವು ಎಷ್ಟು ಅನ್ನ ಉಣ್ಣುತ್ತೀರಿ ಅಂತ ಕೇಳಿದರೆ ಅವರ ಮನಸ್ಸಿನಲ್ಲಿ ಬರುವುದು ನಡುವಿನ ಎರಡು ಸೌಟು ಮಾತ್ರ. ಒಟ್ಟು ಐದೂವರೆ. ಅನ್ನವನ್ನು ಒಮ್ಮೆಗೇ ಬಡಿಸಿದರೆ ಅಷ್ಟು ಅವರೇ ಬೇಡ ಅನ್ನುತ್ತಾರೆ. ಮೂರು ಸಲ ಬಡಿಸುವುದರಿಂದ ಮೂರು ಸಲವೂ ಸ್ವಲ್ಪವೇ ಅನ್ನಿಸುತ್ತದೆ. ಹಾಗಾಗಿ ‘ಅನ್ನ ಕಡಿಮೆ ಮಾಡಿ’ ಅಂತ ನೀವು ಬರೆದರೆ ಅವರು ನಡುವಿನದನ್ನು ಕಡಿಮೆ ಮಾಡುತ್ತಾರೆ, ಅಂದರೆ ಹುಳಿ-ಪಲ್ಯ ಹೋಗುವ ಅನ್ನ ಕಡಿಮೆಯಾಗುತ್ತದೆ. ಯಾವ ಸುತ್ತಿನ ಅನ್ನ ಅಂತ ದಯವಿಟ್ಟು ಬಿಡಿಸಿ ಬರೆಯಿರಿ.

ಅಪ್ಪೆಹುಳಿಯನ್ನು ಮಾತ್ರ ಅನ್ನಕ್ಕೆ ಕಲಸುವುದಕ್ಕಿಂತ ಲೋಟದಲ್ಲಿ ಹಾಕಿಸಿಕೊಂಡು ಕುಡಿಯುವುದೇ ಹೆಚ್ಚು. ಅದರಲ್ಲಿ ಅಕ್ಕಿ, ಸಕ್ಕರೆ ಯಾವುದೂ ಇಲ್ಲ, ಆದರೆ ಉಪ್ಪು ಇದೆ. ಯಜಮಾನರು ಎರಡು ಲೋಟ ಕುಡಿದು ಮಲಗುತ್ತಾರೆ.

ಈಗ ಮೂರು ಮನೆಗಳ ಹೊರಗಿನ ವಿಷಯ. ನಮ್ಮ ಕಡೆ ಮನೆಗೆ ಯಾರೇ ಬರಲಿ, ಕಾಲು ತೊಳೆದು ಕೂತ ಕೂಡಲೇ ಕೇಳುವುದು ‘ಆಸ್ರಿಗೆ ಎಂತ ಮಾಡ್ಲಿ’ ಅಂತ. ಚಾ, ಕಷಾಯ, ಮುರುಗಲ ಪಾನಕ, ಮಜ್ಜಿಗೆ, ಏನಾದರೂ ಒಂದು. ಬಂದವರು ಒಬ್ಬರೇ ಕುಡಿಯುವುದು ಮರ್ಯಾದೆಯಲ್ಲ, ಜೊತೆಗೆ ಮಾವನಿಗೂ ಅರ್ಧ ಲೋಟ. ಹಾಲು ಡೈರಿಗೆ ಹೋಗುವವರು, ತೋಟಕ್ಕೆ ಬಂದವರು, ಸೊಸೈಟಿಯ ವಿಷಯ ಮಾತಾಡಲು ಬಂದವರು, ಪುರೋಹಿತರು. ಮಾವನ ಚಾ ಬೆಳಿಗ್ಗೆ ಒಂದು, ಸಂಜೆ ಒಂದು ಅಂತ ಫಾರ್ಮಿನಲ್ಲಿದೆ. ನೋಡಿದಾಗ ಸಾಮಾನ್ಯ ದಿನ ನಾಲ್ಕು, ಜನ ಹೆಚ್ಚು ಬಂದ ದಿನ ಆರು. ಒಂದೊಂದಕ್ಕೂ ಒಂದು ಚಮಚ ಸಕ್ಕರೆ ಅಂದರೆ 5 ಗ್ರಾಂ, ನಾಲ್ಕಕ್ಕೇ 20 ಗ್ರಾಂ ಆಯಿತು. ಮಾವನ ಸಕ್ಕರೆ ನಿಂತಿರುವುದು ಮನೆಗೆ ಎಷ್ಟು ಜನ ಬಂದರು ಅನ್ನುವುದರ ಮೇಲೆ. ಇದನ್ನು ಮುಚ್ಚುವಂತಿಲ್ಲ, ಮುಚ್ಚಬೇಕು ಅಂತ ನನಗೂ ಅನ್ನಿಸುವುದಿಲ್ಲ. ಬಂದವರಿಗೆ ಆಸರಿ ಕೊಡದ ಮನೆ ನಮ್ಮಲ್ಲಿ ಮನೆ ಅನ್ನಿಸಿಕೊಳ್ಳುವುದಿಲ್ಲ. ಮಾವನ ಲೋಟಕ್ಕೆ ಸಕ್ಕರೆ ಹಾಕದ ಕೊತ್ತಂಬರಿ-ಜೀರಿಗೆ ಕಷಾಯ ಅಥವಾ ನೀರು ಮಜ್ಜಿಗೆ ಆದೀತೇ ಅಂತ ಕೇಳುತ್ತಿದ್ದೇನೆ. ಮೂತ್ರಪಿಂಡದ ದೃಷ್ಟಿಯಿಂದ ದಿನಕ್ಕೆ ಎಷ್ಟು ಲೋಟದವರೆಗೆ ಅನ್ನುವುದನ್ನೂ ಹೇಳಿ.

ಕವಳದ ವಿಷಯವನ್ನು ಯಾರೂ ಊಟದ ಪಟ್ಟಿಯಲ್ಲಿ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಅದು ಊಟಕ್ಕಿಂತ ಹೆಚ್ಚು ಸಲ ನಡೆಯುತ್ತದೆ. ಮಾವನದು ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ಅತ್ತೆಯದು ಹೊಗೆಸೊಪ್ಪಿಲ್ಲದ್ದು. ಅಡಿಕೆಯೇ ಅನ್ನ ಕೊಡುವ ಊರಿನಲ್ಲಿ ಇದನ್ನು ಬರೆಯುವುದು ಕಷ್ಟ, ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೊಗೆಸೊಪ್ಪು ಹಾಕಿದ ಕವಳವಷ್ಟೇ ಅಲ್ಲ, ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ ಸೇರಿಸಿದೆ. ನಾವು ಬೆಳೆದು ಮಾರುವವರೂ ಇದನ್ನು ಓದಬೇಕು. ನಿಮಗೆ ಸಂಬಂಧಪಟ್ಟದ್ದು ಇನ್ನೂ ಎರಡಿದೆ. ಹತ್ತು ಗಂಟೆಗೆ ಕವಳ ಹಾಕಿದ ಮೇಲೆ ಮಾವನಿಗೆ ಒಂದೂವರೆಯವರೆಗೂ ಹಸಿವೆಯೇ ಗೊತ್ತಾಗುವುದಿಲ್ಲ, ಊಟ ತಡವಾಗುತ್ತದೆ. ಇನ್ನು ಅತ್ತೆ ಬೆಳಿಗ್ಗೆ ಎದ್ದು ಥೈರಾಯ್ಡ್ ಮಾತ್ರೆ ನುಂಗಿ, ಹತ್ತು ನಿಮಿಷದಲ್ಲಿ ಹಾಲು ಹಾಕಿದ ಕಾಫಿ ಕುಡಿದು, ಕವಳ ಹಾಕುತ್ತಾರೆ. ಮಾತ್ರೆಯನ್ನು ಖಾಲಿ ಹೊಟ್ಟೆಗೆ ತಗೊಂಡು ಅರ್ಧದಿಂದ ಒಂದು ಗಂಟೆ ಏನೂ ತಗೊಳ್ಳಬಾರದು, ಕಾಫಿಯೂ ಕ್ಯಾಲ್ಸಿಯಮ್ಮೂ ಅದು ಮೈಗೆ ಹತ್ತುವುದನ್ನು ತಡೆಯುತ್ತವೆ ಅಂತ ಔಷಧಿ ಅಂಗಡಿಯವರು ಹೇಳಿದರು. ಸುಣ್ಣವೂ ಕ್ಯಾಲ್ಸಿಯಮ್ಮೇ ಅಲ್ಲವೇ? ಡೋಸು ಎರಡು ಸಲ ಏರಿಸಿದರೂ ಅವರ ಟಿಎಸ್‌ಎಚ್ ಇಳಿಯದ್ದಕ್ಕೆ ಇದೂ ಒಂದು ಕಾರಣ ಇರಬಹುದೇ ಅಂತ ನೀವೂ ಡಾಕ್ಟರೂ ಸೇರಿ ನೋಡಬೇಕು. ಡೋಸು ಮತ್ತೆ ಏರಿಸುವ ಮೊದಲು ಸಮಯ ಬದಲಿಸಿ ನೋಡುವುದು ಒಳ್ಳೆಯದು ಅಂತ ನನ್ನ ಅನಿಸಿಕೆ.

ಇನ್ನು ಉಪವಾಸ. ಇದು ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡ ವಿಷಯ. ಶನಿವಾರ ಅತ್ತೆಗೆ ಒಪ್ಪೊತ್ತು, ರಾತ್ರಿ ಅನ್ನವಿಲ್ಲ, ಅವಲಕ್ಕಿ. ಅದರಿಂದ ತೊಂದರೆ ಕಂಡಿಲ್ಲ. ಮಾವ ಸಂಕಷ್ಟಿ ಮಾಡುತ್ತಾರೆ. ಚಿಕ್ಕಂದಿನಿಂದ ತಪ್ಪಿಸಿಲ್ಲ. ಚಂದ್ರೋದಯ ಆಗಿ ಪೂಜೆ ಮುಗಿದ ಮೇಲೆಯೇ ಊಟ, ಎಂದರೆ ರಾತ್ರಿ ಒಂಬತ್ತು-ಹತ್ತು ಗಂಟೆ. ಹಗಲು ಹಾಲು, ಒಂದು ಬಾಳೆಹಣ್ಣು. ಊಟ ಬಿಟ್ಟರೂ ಮಾತ್ರೆ ಬಿಡಬಾರದು ಅನ್ನುವುದು ಅವರ ಗಟ್ಟಿ ನಂಬಿಕೆ, ಹಾಗಾಗಿ ಬೆಳಿಗ್ಗೆ ಗ್ಲಿಮೆಪಿರೈಡ್ ತಪ್ಪದೆ ನುಂಗುತ್ತಾರೆ.

ಕಳೆದ ಸಂಕಷ್ಟಿಯ ದಿನ ಸಂಜೆ ಐದರ ಹೊತ್ತಿಗೆ ತೋಟದಿಂದ ಬಂದವರು ಜಗಲಿಯಲ್ಲಿ ಕೂತು ಬಿಟ್ಟರು. ಮಳೆಗಾಲದ ಥಂಡಿಯಲ್ಲಿ ಅಂಗಿ ಬೆನ್ನಿಗೆ ಅಂಟುವಷ್ಟು ಬೆವರು. ಕವಳದ ತಬಕಿನಲ್ಲಿ ಎಲೆ ತೆಗೆಯಲು ಹೋದ ಕೈ ನಡುಗುತ್ತಿತ್ತು. ‘ಎಂತ ಆತು’ ಅಂತ ಅತ್ತೆ ಕೇಳಿದ್ದಕ್ಕೆ ಸಂಬಂಧವಿಲ್ಲದ ಏನೋ ಉತ್ತರ, ಗದರುವ ಧ್ವನಿ. ಉಪವಾಸದ ಸುಸ್ತು ಅಂತ ಅತ್ತೆ ಅಂದರು. ಮಗಳು ಗ್ಲುಕೋಮೀಟರ್ ತಂದು ಬೆರಳಿಗೆ ಚುಚ್ಚಿದಳು, 58. ಎಪ್ಪತ್ತರ ಕೆಳಗೆ ಬಂದರೆ ಕಾಯಬಾರದು ಅನ್ನುವುದು ಅವಳಿಗೆ ಗೊತ್ತಿತ್ತು. ಮೂರು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಸಿದೆವು. ಕಾಲು ಗಂಟೆ ಬಿಟ್ಟು ನೋಡಿದರೆ 84. ಬೆವರು ನಿಂತಿತು, ಮಾತು ಸರಿಯಾಯಿತು. ಪೂಜೆಗೆ ಮುಂಚೆ ಸಕ್ಕರೆ ನೀರು ಕುಡಿದದ್ದಕ್ಕೆ ಅವರು ಬೇಜಾರು ಮಾಡಿಕೊಂಡರು. ರಾತ್ರಿ ಚಂದ್ರ ಕಾಣಲಿಲ್ಲ, ಪಂಚಾಂಗದ ಹೊತ್ತು ನೋಡಿ ಪೂಜೆ ಮಾಡಿದರು.

ಡಾಕ್ಟರ ಹತ್ತಿರ ಹೇಳಿದೆವು. ಮೂತ್ರಪಿಂಡ ಸೋತವರಲ್ಲಿ ಇಂಥ ಮಾತ್ರೆಯ ಪ್ರಭಾವ ಹೆಚ್ಚು ಹೊತ್ತು ಉಳಿಯುವುದುಂಟು, ಊಟ ಬಿಟ್ಟ ದಿನ ಸಕ್ಕರೆ ಕುಸಿಯುತ್ತದೆ ಅಂದರು. ಮಾತ್ರೆ ಬದಲಿಸುವ ಬಗ್ಗೆ ಅವರು ನೋಡುತ್ತಿದ್ದಾರೆ. ಉಪವಾಸ ಬಿಡಿ ಅಂತ ನೀವು ಹೇಳಿದರೆ ಮಾವ ನಿಮ್ಮಲ್ಲಿಗೆ ಎರಡನೇ ಸಲ ಬರುವುದಿಲ್ಲ. ಸಂಕಷ್ಟಿಯ ದಿನ ಹಗಲು ಅವರ ಆಚಾರಕ್ಕೆ ಒಗ್ಗುವ ಏನನ್ನು ಯಾವ ಹೊತ್ತಿಗೆ ಎಷ್ಟು ತಗೊಳ್ಳಬಹುದು ಅಂತ ಹೇಳಿದರೆ ಬರೆದುಕೊಳ್ಳುತ್ತಾರೆ. ಅನ್ನ ಮತ್ತು ಉಪ್ಪು ಆಗುವುದಿಲ್ಲ. ಹಾಲು, ಹಣ್ಣು, ಮಜ್ಜಿಗೆ, ನೆನೆಸಿದ ಶೇಂಗಾ ಆಗುತ್ತದೆ. ರಾತ್ರಿ ಹತ್ತಕ್ಕೆ ಹಬ್ಬದ ಊಟದಂತೆ ಕಡುಬು-ಪಾಯಸ ಉಂಡು ಮಲಗುತ್ತಾರೆ, ಮರುದಿನ ಬೆಳಿಗ್ಗೆ ಸಕ್ಕರೆ 220ರ ಮೇಲೆ. ಹಾಗಾಗಿ ಆ ದಿನದ ಹಗಲು ಮತ್ತು ರಾತ್ರಿ ಎರಡಕ್ಕೂ ಉತ್ತರ ಬೇಕು.

ಅವರದೇ ಇನ್ನೊಂದು. ಬಿ.ಪಿ.ಗೆ ಒಳ್ಳೆಯದು ಅಂತ ನೆಂಟರೊಬ್ಬರು ‘ಕಡಿಮೆ ಸೋಡಿಯಂ ಉಪ್ಪು’ ತಂದುಕೊಟ್ಟಿದ್ದಾರೆ. ಪ್ಯಾಕೆಟ್ಟಿನ ಹಿಂದೆ ಪೊಟ್ಯಾಸಿಯಂ ಕ್ಲೋರೈಡ್ ಅಂತಿದೆ. ಮೂತ್ರಪಿಂಡ ಸೋತವರಿಗೆ, ಟೆಲ್ಮಿಸಾರ್ಟಾನ್‌ನಂಥ ಮಾತ್ರೆ ತಗೊಳ್ಳುವವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರುವ ಅಪಾಯ ಇರುವುದರಿಂದ ಅದನ್ನು ಒಡೆಯದೆ ಇಟ್ಟಿದ್ದೇನೆ. ದಿನಾ ಒಂದು ಎಳನೀರು, ಎರಡು ಬಾಳೆಹಣ್ಣು ಅವರ ರೂಢಿ. ಅವುಗಳಲ್ಲೂ ಪೊಟ್ಯಾಸಿಯಂ ಚೆನ್ನಾಗಿಯೇ ಇದೆ. ಅವರ ರಕ್ತದ ಪೊಟ್ಯಾಸಿಯಂ ಈ ಸಲ ನೋಡಿಸಿಲ್ಲ, ಬರುವ ಮೊದಲು ನೋಡಿಸುತ್ತೇವೆ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡವರಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ ಬಿ12 ಇಳಿಯುವುದುಂಟು. ಮಾವನಿಗೆ ಅಂಗಾಲು ಉರಿ ಇದೆ. ಅದನ್ನು ಸಕ್ಕರೆ ಕಾಯಿಲೆಯ ಲೆಕ್ಕಕ್ಕೇ ಹಾಕಿ ಸುಮ್ಮನಾಗಿದ್ದೇವೆ. ಬಿ12 ಕೂಡ ಮಾಡಿಸಿಕೊಂಡು ಬರುತ್ತೇವೆ.

ಈಗ ನನ್ನ ನಿಜವಾದ ಪ್ರಶ್ನೆಗೆ ಬರುತ್ತೇನೆ. ಐದು ಜನಕ್ಕೆ ಐದು ಪಟ್ಟಿ ಬರೆದುಕೊಟ್ಟರೆ ಅದು ಗೋಡೆಯ ಮೇಲೆ ಉಳಿಯುತ್ತದೆ. ನಮ್ಮ ಒಲೆಯ ಮೇಲೆ ಹುಳಿಯ ಪಾತ್ರೆ ಒಂದೇ. ಆ ಒಂದು ಪಾತ್ರೆಯಲ್ಲೇ ತೊಡಕೂ ಇದೆ. ಉಗ್ರಾಣದ ಲೆಕ್ಕ ನೋಡಿದರೆ ಹುಳಿಗೆ ಬೇಳೆ ಹೆಚ್ಚಬೇಕು. ನನ್ನ ರಕ್ತಕ್ಕೆ, ಮಗಳ ಬೆಳವಣಿಗೆಗೆ, ಯಜಮಾನರು ಅನ್ನ ಕಡಿಮೆ ಮಾಡಿದಾಗ ಹೊಟ್ಟೆ ತುಂಬಲಿಕ್ಕೆ ಅದು ಬೇಕು. ಆದರೆ ಮಾವನ ಕ್ರಿಯಾಟಿನಿನ್ನಿಗೆ ಪ್ರೋಟೀನು ಮನಸ್ಸಿಗೆ ಬಂದ ಹಾಗೆ ಏರಿಸುವಂತಿಲ್ಲ. ಹಾಗಂತ ಅವರ ಎಲೆಯಿಂದ ಬೇಳೆಯನ್ನೇ ತೆಗೆದರೆ ಮತ್ತೆ ಅನ್ನವೇ ಉಳಿಯುತ್ತದೆ. ಉಪ್ಪನ್ನು ಕಡಿಮೆ ಮಾಡುವುದು ಐದೂ ಜನಕ್ಕೆ ಒಳ್ಳೆಯದು, ಅದನ್ನು ಪಾತ್ರೆಯಲ್ಲೇ ಮಾಡಬಹುದು. ಕಾಯಿಯೂ ಹಾಗೆಯೇ. ಆದರೆ ಅನ್ನ, ಬೆಲ್ಲ, ಬಾಳೆಹಣ್ಣು, ಮಿಡಿಯ ರಸ ಎಲ್ಲ ಎಲೆಯ ಮೇಲಿನ ವಿಷಯ. ಆದ್ದರಿಂದ ನೀವು ಸಲಹೆ ಬರೆಯುವಾಗ ಎರಡು ಭಾಗ ಮಾಡಿ ಬರೆದರೆ ನಮಗೆ ಬಹಳ ಅನುಕೂಲ: ಪಾತ್ರೆಯಲ್ಲಿ ಏನು ಬದಲಾಗಬೇಕು, ಯಾರ ಎಲೆಯಲ್ಲಿ ಏನು ಬದಲಾಗಬೇಕು.

ನಾವು ಒಂದಿಷ್ಟು ಮಾಡಿ ನೋಡಿದ್ದನ್ನೂ ತಿಳಿಸುತ್ತೇನೆ. ಎರಡು ಕಾಯಿಯ ಜಾಗದಲ್ಲಿ ಒಂದೂವರೆ ಒಡೆದರೆ ಹುಳಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ, ತಂಬುಳಿಯಲ್ಲಿ ಎಲ್ಲರಿಗೂ ಗೊತ್ತಾಯಿತು. ಬೇಯಿಸಿದ ಬೇಳೆ ಅರೆದು ಹಾಕಿದರೆ ಹುಳಿ ದಪ್ಪವಾಗುತ್ತದೆ, ಕಾಯಿ ಕಡಿಮೆಯಾದದ್ದು ತಿಳಿಯುವುದಿಲ್ಲ. ದೋಸೆ ಹಿಟ್ಟಿಗೆ ಅಕ್ಕಿಯ ಮೂರನೇ ಒಂದು ಪಾಲಿನಷ್ಟು ಹೆಸರುಕಾಳು ನೆನೆಸಿ ಬೀಸಿ ಸೇರಿಸಿದೆ. ದಪ್ಪ ದೋಸೆ ಚೆನ್ನಾಗಿ ಬಂತು, ತೆಳ್ಳೇವು ಎಳೆಯಲಿಕ್ಕೆ ಬರಲಿಲ್ಲ, ಹರಿಯಿತು. ಹುರುಳಿ ಕಟ್ಟಿನ ಸಾರು ಎಲ್ಲರಿಗೂ ಇಷ್ಟ, ಕಟ್ಟು ಬಸಿದ ಮೇಲೆ ಉಳಿಯುವ ಕಾಳು ಮಾತ್ರ ದನಕ್ಕೆ ಹೋಗುತ್ತಿತ್ತು. ಈಗ ಅದನ್ನೇ ಉಸುಳಿ ಮಾಡುತ್ತೇವೆ. ನನ್ನ ಮಟ್ಟಿಗೆ, ಕಬ್ಬಿಣದ ಮಾತ್ರೆಯನ್ನು ಚಾದ ಹೊತ್ತಿನಿಂದ ದೂರ ಸರಿಸಿ ನೆಲ್ಲಿಕಾಯಿ ತಂಬುಳಿಯ ಊಟದ ಹತ್ತಿರ ತಂದಿದ್ದೇನೆ. ಮೂರು ತಿಂಗಳ ನಂತರ ರಕ್ತ ನೋಡಿಸಬೇಕು.

ಇಷ್ಟಾನಿಷ್ಟ ಬರೆಯುವುದಾದರೆ: ಮೊಟ್ಟೆ ಆಗುವುದಿಲ್ಲ. ಶ್ರಾದ್ಧ, ವ್ರತದ ದಿನ ನೀರುಳ್ಳಿ-ಬೆಳ್ಳುಳ್ಳಿ ಇಲ್ಲ. ಓಟ್ಸ್ ಒಮ್ಮೆ ತಂದಿದ್ದೆವು, ಹುಳ ಆಯಿತು. ರಾಗಿ-ಜೋಳದ ರೊಟ್ಟಿ ಅತ್ತೆಗೆ ಅಗಿಯಲಾಗದು, ಗಂಜಿ-ಅಂಬಲಿ ಆದೀತು. ಸೊಪ್ಪಿಗೆ ಕೊರತೆಯಿಲ್ಲ: ಒಂದೆಲಗ, ದೊಡ್ಡಪತ್ರೆ, ಚಕ್ರಮುನಿ, ಬಸಳೆ, ಮಳೆಗಾಲದಲ್ಲಿ ಕೆಸವು. ಹಿತ್ತಲಿಗೆ ಹೋದರೆ ಕೈ ತುಂಬ ಸಿಗುತ್ತದೆ. ತಂಬುಳಿಗೆ ಹಾಕುವುದು ಮಾತ್ರ ಏಳೆಂಟು ಎಲೆ, ಹಾಗಾಗಿ ಅದನ್ನು ಸೊಪ್ಪಿನ ಲೆಕ್ಕಕ್ಕೆ ಹಿಡಿಯಬೇಡಿ.

ಆಷಾಢದ ಲೆಕ್ಕ ಇಡೀ ವರ್ಷದ್ದಲ್ಲ ಅನ್ನುವುದನ್ನೂ ನೋಡಿಕೊಳ್ಳಿ. ಕೊನೆ ಕೊಯ್ಲಿನ ದಿನಗಳಲ್ಲಿ ಕೊನೆಗೌಡ, ಅಡಿಕೆ ಸುಲಿಯುವವರು ಎಲ್ಲ ಸೇರಿ ಮನೆಯಲ್ಲಿ ಹದಿನೈದು ಎಲೆ ಬೀಳುತ್ತದೆ, ರಾತ್ರಿ ಹನ್ನೊಂದರವರೆಗೆ ಸುಲಿತ, ನಡುವೆ ಚಾ-ಅವಲಕ್ಕಿ. ಆಲೆಮನೆ ಸಮಯದಲ್ಲಿ ಕಬ್ಬಿನ ಹಾಲು, ನೊರೆಬೆಲ್ಲ, ತೊಡದೇವು. ಏಪ್ರಿಲ್-ಮೇ ಹಲಸು: ಕಾಯಿ ಹುಳಿ, ಪಲ್ಯ, ಹಣ್ಣಿನ ಕಡುಬು. ಮಾವನ ಎಚ್‌ಬಿಎ1ಸಿ ಮಳೆಗಾಲಕ್ಕಿಂತ ಬೇಸಿಗೆಯ ಕೊನೆಗೆ ಪ್ರತಿ ವರ್ಷ ಹೆಚ್ಚು ಬರುತ್ತದೆ. ಹಳೆಯ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿ ತರುತ್ತಿದ್ದೇನೆ. ಹಲಸಿನ ತಿಂಗಳಿಗೆ ಅಂತ ಬೇರೆ ಮಾತು ಏನಾದರೂ ಇದ್ದರೆ ಈಗಲೇ ಹೇಳಿಬಿಡಿ, ಆಗ ನಿಮ್ಮಲ್ಲಿಗೆ ಬರಲು ಯಾರಿಗೂ ಪುರಸೊತ್ತು ಇರುವುದಿಲ್ಲ.

ನಿಮ್ಮಲ್ಲಿಗೆ ಐವರೂ ಬರುವುದಿಲ್ಲ. ಮಗಳಿಗೆ ಶಾಲೆ, ಯಜಮಾನರಿಗೆ ತೋಟದ ಕೆಲಸ. ಮಾವ, ಅತ್ತೆ, ನಾನು ಬರುತ್ತೇವೆ. ಮಾತ್ರೆಯ ಚೀಟಿಗಳು, ಗ್ಲುಕೋಮೀಟರ್, ನಮ್ಮ ಅನ್ನದ ಸೌಟು ಜೊತೆಗೆ ತರುತ್ತೇನೆ. ಮಾವನ ಊಟದ ಬಗ್ಗೆ ಮಾವನನ್ನು ಕೇಳಿ, ಆಮೇಲೆ ಅದೇ ಪ್ರಶ್ನೆಯನ್ನು ಅತ್ತೆಗೂ ಕೇಳಿ. ಎಷ್ಟು ಸೌಟು ಅನ್ನುವುದು ಬಡಿಸುವವರಿಗೆ ಗೊತ್ತಿರುತ್ತದೆ, ಕಡಿಮೆ ಮಾಡಬೇಕಾದ ಕೈಯೂ ಅವರದೇ. ನೀವು ಹೇಳುವುದನ್ನು ಅವರನ್ನೇ ನೋಡಿ ಹೇಳಿ.

ಇಂತಿ,
ಶಿರಸಿಯಿಂದ ಬರುತ್ತಿರುವವರು